ಕೈ ಬಾವು ಕಣ್ಣಿಗಿಂತ ಮೊದಲು ಟೇಪಿಗೆ ಕಾಣುತ್ತದೆ

ಒಬ್ಬ ಮಹಿಳೆಗೆ ಸ್ತನ ಕ್ಯಾನ್ಸರಿಗಾಗಿ ಎಡ ಸ್ತನದ ಆಪರೇಷನ್ ಆಗಿ ಎಂಟು ತಿಂಗಳಾಗಿದೆ. ಕಿಮೋ, ರೇಡಿಯೇಷನ್ ಎರಡೂ ಮುಗಿದಿವೆ. ಸಂಜೆಯಾದರೆ ಎಡಗೈ ಯಾಕೋ ಭಾರ ಅನಿಸುತ್ತದೆ, ಅಂಗಿಯ ತೋಳು ಮೊಣಕೈ ಹತ್ತಿರ ಬಿಗಿಯಾಗುತ್ತದೆ. ಬೆಳಿಗ್ಗೆ ಎದ್ದರೆ ಏನೂ ಇಲ್ಲ. ತಪಾಸಣೆಗೆ ಹೋದಾಗ ಹೇಳುತ್ತಾರೆ. ಎರಡೂ ಕೈ ಚಾಚಿಸಿ ನೋಡಿದ ಡಾಕ್ಟರು, "ಎರಡೂ ಒಂದೇ ಥರ ಇದೆಯಲ್ಲಮ್ಮಾ, ಬಾವು ಏನಿಲ್ಲ" ಅಂತಾರೆ. ಅವರು ಸುಳ್ಳು ಹೇಳಿಲ್ಲ. ಕಣ್ಣಿಗೆ ಎರಡೂ ಒಂದೇ ಥರ ಇವೆ. ಆದರೂ ಆ ಕೈಯಲ್ಲಿ ನೂರು ಮಿಲಿಲೀಟರಿನಷ್ಟು ದ್ರವ ಜಾಸ್ತಿ ನಿಂತಿದೆ.

ಇದು ಒಬ್ಬರ ಕಥೆಯಲ್ಲ, ಹಲವರದ್ದನ್ನು ಸೇರಿಸಿ ಕಟ್ಟಿದ ಉದಾಹರಣೆ. ಹೀಗೆ ಕೈ ಅಳೆಯುವುದು ನನ್ನಂಥ ಫಿಸಿಯೋಥೆರಪಿಸ್ಟ್‌ಗಳ ದಿನನಿತ್ಯದ ಕೆಲಸ. ಆ ನೂರು ಮಿಲಿಲೀಟರನ್ನು ಹಿಡಿಯುವುದು ಹೇಗೆ, ಹಿಡಿದ ಮೇಲೆ ಏನು ಮಾಡಬೇಕು ಅನ್ನುವುದನ್ನೇ ಇಲ್ಲಿ ವಿವರವಾಗಿ ಹೇಳುತ್ತೇನೆ. ಯಾಕೆಂದರೆ ಲಿಂಫೆಡಿಮಾ ಅನ್ನುವ ಈ ಬಾವನ್ನು ಶುರುವಿನಲ್ಲೇ ಹಿಡಿದರೆ ಬಹಳ ಸಲ ಹಿಂದಕ್ಕೆ ತಳ್ಳಬಹುದು. ಬೇರೂರಿದ ಮೇಲೆ ಹತೋಟಿಯಲ್ಲಿ ಇಡಬಹುದು ಅಷ್ಟೇ.

ಮೊದಲು ಆ ದ್ರವ ಎಲ್ಲಿಂದ ಬಂತು ಅಂತ ನೋಡೋಣ. ನಮ್ಮ ಸಣ್ಣ ರಕ್ತನಾಳಗಳಿಂದ ಸದಾ ಸ್ವಲ್ಪ ನೀರು, ಅದರ ಜೊತೆ ಸ್ವಲ್ಪ ಪ್ರೋಟೀನು ಹೊರಗೆ ಸೋರುತ್ತಿರುತ್ತದೆ. ಅದು ತಪ್ಪಲ್ಲ, ಜೀವಕೋಶಗಳಿಗೆ ಆಹಾರ ತಲುಪುವುದೇ ಹಾಗೆ. ಆದರೆ ಸೋರಿದ್ದು ವಾಪಸ್ ಹೋಗಬೇಕಲ್ಲ? ಪ್ರೋಟೀನಿನ ಕಣ ದೊಡ್ಡದು, ಬಂದ ದಾರಿಯಲ್ಲಿ ಮರಳಲಾರದು. ಅದನ್ನೂ ಅದರ ಜೊತೆಗಿನ ನೀರನ್ನೂ ಎತ್ತಿಕೊಂಡು ಹೋಗಲು ಇನ್ನೊಂದು ನಾಳಗಳ ಜಾಲ ಇದೆ. ಅದೇ ಲಿಂಫ್ ನಾಳಗಳು, ಪುಸ್ತಕದ ಕನ್ನಡದಲ್ಲಿ ದುಗ್ಧನಾಳಗಳು. ಕೈಯ ಈ ನಾಳಗಳಲ್ಲಿ ಹೆಚ್ಚಿನವು ಕಂಕುಳಿಗೆ ಬಂದು ಸೇರುತ್ತವೆ. ಅಲ್ಲಿ ಇಪ್ಪತ್ತು ಮೂವತ್ತು ಗ್ರಂಥಿಗಳಿವೆ. ಸ್ತನದ ಲಿಂಫ್ ಕೂಡ ಬಹುಪಾಲು ಅಲ್ಲಿಗೇ ಬರುತ್ತದೆ. ಕ್ಯಾನ್ಸರ್ ಹರಡುವಾಗ ಸಾಮಾನ್ಯವಾಗಿ ಮೊದಲು ಸಿಗುವ ನಿಲ್ದಾಣವೂ ಅದೇ ಆದ್ದರಿಂದ ಸರ್ಜನ್ ಅಲ್ಲಿಗೆ ಕೈ ಹಾಕಲೇಬೇಕಾಗುತ್ತದೆ.

ಎಷ್ಟು ಗ್ರಂಥಿ ತೆಗೆದರು ಅನ್ನುವುದರ ಮೇಲೆ ಅಪಾಯ ನಿಂತಿದೆ. ಸೆಂಟಿನೆಲ್ ಬಯಾಪ್ಸಿ ಅಂದರೆ ದಾರಿಯಲ್ಲಿ ಮೊದಲು ಸಿಗುವ ಒಂದೆರಡು ಮೂರು ಗ್ರಂಥಿ ಮಾತ್ರ ತೆಗೆದು ನೋಡುವುದು. ಹಾಗೆ ಮಾಡಿದವರಲ್ಲಿ ಸುಮಾರು ಇಪ್ಪತ್ತರಲ್ಲಿ ಒಬ್ಬರಿಗೆ ಕೈ ಬಾವು ಬರುತ್ತದೆ. ಕಂಕುಳಿನ ಗ್ರಂಥಿಗಳನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದು ಶುಚಿ ಮಾಡಿದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ. 2013ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದಾಗ ಸಿಕ್ಕ ಅಂದಾಜು ಇದು.

ರೇಡಿಯೇಷನ್ ಕೆಲಸ ಮಾಡುವ ಬಗೆ ಬೇರೆ. ಆಪರೇಷನ್ನಿನಲ್ಲಿ ಕತ್ತರಿಸಿದ ದಾರಿಗೆ ಬದಲಾಗಿ ದೇಹ ಹೊಸ ಸಣ್ಣ ನಾಳಗಳನ್ನು ಬೆಳೆಸಿಕೊಂಡು, ಬಳಸು ದಾರಿ ಮಾಡಿಕೊಳ್ಳುತ್ತದೆ. ಕಂಕುಳಿಗೆ ಅಥವಾ ಕತ್ತಿನ ಬುಡಕ್ಕೆ ರೇಡಿಯೇಷನ್ ಕೊಟ್ಟಾಗ ಅಲ್ಲಿನ ಅಂಗಾಂಶ ನಿಧಾನವಾಗಿ ಗಡುಸಾಗುತ್ತದೆ. ಗಡುಸಾದ ಜಾಗದಲ್ಲಿ ಹೊಸ ನಾಳ ತೂರಿ ಹೋಗುವುದು ಕಷ್ಟ. ಈ ಗಡುಸಾಗುವಿಕೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಯುವಂಥದ್ದು. ಹಾಗಾಗಿಯೇ ಚಿಕಿತ್ಸೆ ಮುಗಿದು ಎಲ್ಲ ಮರೆತ ಹೊತ್ತಿಗೆ ಬಾವು ಬರುತ್ತದೆ. ಹೆಚ್ಚಿನವರಲ್ಲಿ ಮೊದಲ ಎರಡು ಮೂರು ವರ್ಷದೊಳಗೆ ಬರುತ್ತದೆ, ಕೆಲವರಲ್ಲಿ ಹತ್ತು ವರ್ಷ ಕಳೆದ ಮೇಲೂ. ಆಪರೇಷನ್ ಮತ್ತು ರೇಡಿಯೇಷನ್ ಎರಡೂ ಒಂದೇ ಕಂಕುಳಿಗೆ ಬಿದ್ದರೆ ಅಪಾಯ ಜಾಸ್ತಿ. ಮೈತೂಕ ಹೆಚ್ಚಿದ್ದರೂ ಜಾಸ್ತಿ. ನಮ್ಮ ಕೈಯಲ್ಲಿರುವ ಕೆಲವೇ ಸಂಗತಿಗಳಲ್ಲಿ ತೂಕ ಒಂದು.

ಇಲ್ಲಿ ಒಂದು ವಿಷಯ ಗಮನಿಸಿ. ನಿಂತದ್ದು ಬರೀ ನೀರಲ್ಲ, ಪ್ರೋಟೀನು ತುಂಬಿದ ನೀರು. ಅದಕ್ಕೇ ಮೂತ್ರ ಹೆಚ್ಚು ಮಾಡುವ ಮಾತ್ರೆಯಿಂದ ಈ ಬಾವು ಇಳಿಯುವುದಿಲ್ಲ. ಮಾತ್ರೆ ನೀರನ್ನು ಎಳೆದು ಹಾಕಬಹುದು, ಪ್ರೋಟೀನು ಅಲ್ಲೇ ಉಳಿಯುತ್ತದೆ. ಉಳಿದದ್ದು ಮತ್ತೆ ನೀರನ್ನು ಎಳೆದುಕೊಳ್ಳುತ್ತದೆ. ನೀರು ಕುಡಿಯುವುದನ್ನು ಕಡಿಮೆ ಮಾಡಿದರೂ ಏನೂ ಪ್ರಯೋಜನ ಇಲ್ಲ. ಬಾವು ಹೀಗೇ ನಿಂತರೆ ಅಲ್ಲಿ ಸಣ್ಣ ಉರಿಯೂತ ನಡೆಯುತ್ತಲೇ ಇರುತ್ತದೆ. ನಾರು ಬೆಳೆಯುತ್ತದೆ, ಕೊಬ್ಬು ಸೇರುತ್ತದೆ. ಶುರುವಿನಲ್ಲಿ ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ, ಕೈ ಎತ್ತಿಟ್ಟು ಮಲಗಿದರೆ ಇಳಿಯುತ್ತದೆ. ಮುಂದೆ ಎತ್ತಿಟ್ಟರೂ ಇಳಿಯುವುದಿಲ್ಲ. ಇನ್ನೂ ಮುಂದೆ ಹೋದರೆ ಒತ್ತಿದರೂ ಗುಳಿ ಬೀಳದಷ್ಟು ಗಟ್ಟಿಯಾಗುತ್ತದೆ. "ಈಗ ಗುಳಿ ಬೀಳ್ತಿಲ್ಲ, ವಾಸಿ ಆಗ್ತಿದೆ" ಅಂತ ಖುಷಿಪಟ್ಟವರನ್ನು ನೋಡಿದ್ದೇನೆ. ಅದು ಉಲ್ಟಾ ಸುದ್ದಿ.

ಈಗ ಅಳತೆಗೆ ಬರೋಣ. ಬೇಕಾಗಿರುವುದು ಟೈಲರ್ ಬಳಸುವಂಥ ಟೇಪು, ಒಂದು ಪೆನ್ನು, ಒಂದು ನೋಟ್‌ಬುಕ್. ಮುಖ್ಯವಾಗಿ ಮೊದಲ ಅಳತೆ ಆಪರೇಷನ್ನಿಗೆ ಮೊದಲೇ ಆಗಿರಬೇಕು, ಮತ್ತು ಎರಡೂ ಕೈಗೆ ಆಗಿರಬೇಕು. ನನ್ನ ಕೇಳಿದರೆ ಇಡೀ ವಿಷಯದಲ್ಲಿ ಜನ ಅತಿ ಹೆಚ್ಚು ತಪ್ಪಿಸುವ ಹೆಜ್ಜೆ ಇದೇ. ಯಾಕೆ ಅನ್ನುವುದು ಲೆಕ್ಕ ಮಾಡಿದಾಗ ಗೊತ್ತಾಗುತ್ತದೆ.

ಕುಳಿತು, ಕೈಯನ್ನು ಮೇಜಿನ ಮೇಲೆ ಸಡಿಲವಾಗಿ ಚಾಚಿ. ಮಣಿಕಟ್ಟಿನ ಗೆರೆಯಲ್ಲಿ ಪೆನ್ನಿನಿಂದ ಗುರುತು ಹಾಕಿ. ಅಲ್ಲಿಂದ ಮೇಲಕ್ಕೆ 10, 20, 30, 40 ಸೆಂಟಿಮೀಟರಿಗೆ ಒಂದೊಂದು ಗುರುತು. ಎತ್ತರ ಕಡಿಮೆ ಇರುವವರಲ್ಲಿ 40 ಅನ್ನುವುದು ಕಂಕುಳೊಳಗೆ ಹೋಗಿಬಿಡುತ್ತದೆ, ಅಂಥವರು 35ಕ್ಕೇ ನಿಲ್ಲಿಸಿ, ಪ್ರತಿ ಸಲವೂ ಅಲ್ಲೇ ನಿಲ್ಲಿಸಲಿ. ಪ್ರತಿ ಗುರುತಿನಲ್ಲಿ ಟೇಪು ಸುತ್ತಿ ಸುತ್ತಳತೆ ಬರೆದುಕೊಳ್ಳಿ. ಟೇಪು ಚರ್ಮಕ್ಕೆ ತಾಗಬೇಕು, ಒತ್ತಬಾರದು. ಟೇಪು ಓರೆಯಾಗಬಾರದು. ಪ್ರತಿ ಸಲ ದಿನದ ಅದೇ ಹೊತ್ತಿನಲ್ಲಿ, ಆದಷ್ಟೂ ಅದೇ ವ್ಯಕ್ತಿ ಅಳೆಯಬೇಕು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅಳೆದು ಹೋಲಿಸಿದರೆ ಸುಮ್ನೆ ಗಾಬರಿ.

ಎರಡು ಗುರುತುಗಳ ನಡುವಿನ ಕೈ ಭಾಗವನ್ನು ತುದಿ ಕತ್ತರಿಸಿದ ಶಂಕುವಿನಂತೆ ಅಂದುಕೊಂಡರೆ ಅದರ ಗಾತ್ರ ಹೀಗೆ ಸಿಗುತ್ತದೆ:

```
V = h × (C1² + C1×C2 + C2²) ÷ (12 × π)
```

ಇಲ್ಲಿ h ಅಂದರೆ ಎರಡು ಗುರುತುಗಳ ನಡುವಿನ ದೂರ, ನಮ್ಮಲ್ಲಿ 10. 35ಕ್ಕೇ ನಿಲ್ಲಿಸಿದವರಿಗೆ ಕೊನೆಯ ಭಾಗದಲ್ಲಿ ಮಾತ್ರ 5. C1, C2 ಅಂದರೆ ಕೆಳಗಿನ ಮತ್ತು ಮೇಲಿನ ಸುತ್ತಳತೆ. 12 × π ಅಂದರೆ ಸುಮಾರು 37.7. ನಾಲ್ಕು ಭಾಗಗಳ ಉತ್ತರ ಕೂಡಿಸಿದರೆ ಇಡೀ ಕೈಯ ಗಾತ್ರ ಮಿಲಿಲೀಟರಿನಲ್ಲಿ ಬರುತ್ತದೆ. ಲೆಕ್ಕ ಬೇಡ ಅನಿಸಿದರೆ ಅಳತೆಗಳನ್ನು ಬರೆದಿಟ್ಟುಕೊಂಡರೂ ಸಾಕು, ಫಿಸಿಯೋಥೆರಪಿಸ್ಟ್ ಲೆಕ್ಕ ಹಾಕಿಕೊಡುತ್ತಾರೆ.

ನಮ್ಮ ಉದಾಹರಣೆಯ ಮಹಿಳೆಗೆ ಆಪರೇಷನ್ನಿಗೆ ಮೊದಲು ಎಡಗೈಯ ಅಳತೆ ಮಣಿಕಟ್ಟಿನಿಂದ ಮೇಲಕ್ಕೆ 15.5, 19.5, 24.5, 27.5, 30 ಸೆಂಟಿಮೀಟರ್. ಒಟ್ಟು ಗಾತ್ರ 1,828 ಮಿಲಿಲೀಟರ್. ಅವರು ಬಲಗೈ ಬಳಸುವವರು, ಹಾಗಾಗಿ ಬಲಗೈ ಮೊದಲಿನಿಂದಲೂ ಸ್ವಲ್ಪ ದಪ್ಪ, 1,870. ಎಂಟು ತಿಂಗಳ ಮೇಲೆ ಎಡಗೈ 15.5, 20.5, 25.5, 28, 30.5. ಗಾತ್ರ 1,933. ಬಲಗೈ 1,880.

ಈಗ ನೋಡಿ. ಹಳೆಯ ಅಳತೆ ಇಲ್ಲದಿದ್ದರೆ ನಾವು ಹೋಲಿಸುತ್ತಿದ್ದದ್ದು ಎಡಗೈಯನ್ನು ಬಲಗೈ ಜೊತೆ. 1,933ಕ್ಕೂ 1,880ಕ್ಕೂ 53 ಮಿಲಿಲೀಟರ್ ವ್ಯತ್ಯಾಸ, ಶೇ. 3 ಕೂಡ ಇಲ್ಲ. ಎಷ್ಟೋ ಕಡೆ ಇನ್ನೂ ನಡೆಯುತ್ತಿರುವ ನಿಯಮದ ಪ್ರಕಾರ ಯಾವುದೋ ಒಂದು ಗುರುತಿನಲ್ಲಿ 2 ಸೆಂಟಿಮೀಟರ್ ವ್ಯತ್ಯಾಸ, ಇಲ್ಲವೇ ಒಟ್ಟು ಗಾತ್ರದಲ್ಲಿ 200 ಮಿಲಿಲೀಟರ್ ಅಥವಾ ಶೇ. 10 ವ್ಯತ್ಯಾಸ ಇದ್ದರೆ ಲಿಂಫೆಡಿಮಾ. ಇವರಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ. "ಏನಿಲ್ಲ" ಅಂತ ಕಳಿಸಿಬಿಡುತ್ತಾರೆ. ಆದರೆ ಅದೇ ಕೈಯ ಹಳೆಯ ಅಳತೆ ಜೊತೆ ಹೋಲಿಸಿದರೆ 105 ಮಿಲಿಲೀಟರ್ ಏರಿದೆ, ಶೇ. 5.7. ಅದರಲ್ಲಿ ಮೈತೂಕದಿಂದ ಎರಡೂ ಕೈ ದಪ್ಪ ಆಗಿದ್ದು ಎಷ್ಟು ಅಂತ ಕಳೆಯಬೇಕು. ಬಲಗೈ ಅರ್ಧ ಶೇಕಡಾದಷ್ಟು ಏರಿದೆ. ಅದನ್ನು ತೆಗೆದರೆ ಎಡಗೈಯ ನಿಜವಾದ ಏರಿಕೆ ಶೇ. 5.2. ಸಂಜೆಯ ಭಾರಕ್ಕೆ ಕಾರಣ ಸಿಕ್ಕಿತು.

ಟೇಪಿನ ಮಿತಿಯನ್ನೂ ಹೇಳಬೇಕು. ಟೇಪನ್ನು ಕೊಂಚ ಬಿಗಿ ಹಿಡಿದರೆ, ಗುರುತು ಅರ್ಧ ಸೆಂಟಿಮೀಟರ್ ಆಚೀಚೆ ಆದರೆ, ಎರಡು ಮೂರು ಶೇಕಡಾ ವ್ಯತ್ಯಾಸ ಸುಮ್ನೆ ಬಂದುಬಿಡುತ್ತದೆ. ಅದಕ್ಕೇ ಒಂದು ಅಳತೆ ನೋಡಿ ತೀರ್ಮಾನ ಬೇಡ. ಒಂದೆರಡು ವಾರ ಬಿಟ್ಟು ಮತ್ತೆ ಅಳೆಯಿರಿ. ಎರಡನೇ ಸಲವೂ ಏರಿಕೆ ಹಾಗೇ ಇದ್ದರೆ, ಜೊತೆಗೆ ಭಾರ ಅಥವಾ ಬಿಗಿತ ಇದ್ದರೆ, ಅದು ನಿಜ. ಕೆಲವು ಆಸ್ಪತ್ರೆಗಳಲ್ಲಿ ಕೈಯೊಳಗೆ ತೀರಾ ಸಣ್ಣ ವಿದ್ಯುತ್ ಹರಿಸಿ ದ್ರವ ಅಳೆಯುವ ಬಯೋಇಂಪಿಡೆನ್ಸ್ ಯಂತ್ರ ಇರುತ್ತದೆ. ಇದ್ದರೆ ಒಳ್ಳೆಯದೇ. ಇಲ್ಲದಿದ್ದರೆ ನಿಯಮಿತವಾಗಿ ಬಳಸುವ ಟೇಪೇ ಸಾಕು. ಮೊದಲ ಎರಡು ಮೂರು ವರ್ಷ ಮೂರು ತಿಂಗಳಿಗೊಮ್ಮೆ ಅಳೆದರೆ ಹೆಚ್ಚಿನದು ಕೈಗೆ ಸಿಗುತ್ತದೆ.

ಹಿಡಿದಾಯಿತು. ಮುಂದೆ? ಈ ಹಂತದಲ್ಲಿ ಮಾಡಬೇಕಾದ್ದು ಅಚ್ಚರಿ ಆಗುವಷ್ಟು ಸರಳ. ಕೈಯನ್ನು ಒತ್ತಿ ಹಿಡಿಯುವ ಬಿಗಿ ಬಟ್ಟೆಯ ತೋಳು, ಅಂದರೆ ಅಳತೆಗೆ ಸರಿಯಾಗಿ ಕೂರುವ ಕಂಪ್ರೆಷನ್ ಸ್ಲೀವ್, ಸಾಮಾನ್ಯವಾಗಿ 20ರಿಂದ 30 ಎಂಎಂ ಪಾದರಸದ ಒತ್ತಡದ್ದು, ಹಗಲು ಪೂರ್ತಿ ಹಾಕಿ ರಾತ್ರಿ ತೆಗೆಯುವುದು, ಸುಮಾರು ನಾಲ್ಕು ವಾರ. 2008ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಇದೇ ಮಾಡಿದ್ದರು. ಆಪರೇಷನ್ನಿಗೆ ಮೊದಲಿನಿಂದ ಕೈ ಅಳೆದು, ಶೇ. 3ರಷ್ಟು ಏರಿದಾಗಲೇ ಸ್ಲೀವ್ ಕೊಟ್ಟರು. 43 ಮಹಿಳೆಯರಲ್ಲಿ ಸರಾಸರಿ ಏರಿಕೆ 83 ಮಿಲಿಲೀಟರ್ ಇತ್ತು, ಸುಮಾರು ನಾಲ್ಕೂವರೆ ವಾರದಲ್ಲಿ ಅದರಲ್ಲಿ ಸರಾಸರಿ 48 ಮಿಲಿಲೀಟರ್ ಇಳಿಯಿತು. ಅಧ್ಯಯನ ಸಣ್ಣದು, ಆದರೆ ಈ ಕ್ಷೇತ್ರದ ಯೋಚನೆ ಬದಲಾಗಿದ್ದರಲ್ಲಿ ಅದರ ಪಾಲು ದೊಡ್ಡದು.

ಸ್ಲೀವ್ ಹಾಕುವುದರಲ್ಲೇ ಜನ ಎಡವುವುದು. ಅದು ತೋಳಿನ ಕಾಲುಚೀಲ ಅಲ್ಲ, ಸುಲಭವಾಗಿ ಏರುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಕೈ ಅತಿ ಸಣ್ಣಗಿರುವಾಗ ಹಾಕಿ. ಇನ್ನೊಂದು ಕೈಗೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡರೆ ಬಟ್ಟೆಯನ್ನು ಉಗುರು ತಾಗದಂತೆ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸವರಬಹುದು. ಮೇಲಿನ ಅಂಚು ಹಿಡಿದು ಎಳೆಯಬೇಡಿ. ಮೊಣಕೈ ಒಳಭಾಗದಲ್ಲಿ ಸುಕ್ಕು ಉಳಿದರೆ ಅಲ್ಲಿ ಒತ್ತಡ ಎರಡರಷ್ಟಾಗಿ ದಾರ ಕಟ್ಟಿದ ಹಾಗಾಗುತ್ತದೆ. ಉದ್ದ ಜಾಸ್ತಿ ಅಂತ ಮೇಲಿನ ಅಂಚು ಮಡಚುವುದಂತೂ ಬೇಡವೇ ಬೇಡ. ಚರ್ಮಕ್ಕೆ ಹಚ್ಚುವ ಕ್ರೀಮು ರಾತ್ರಿಗಿರಲಿ, ಬೆಳಿಗ್ಗೆ ಹಚ್ಚಿದರೆ ಸ್ಲೀವ್ ಏರುವುದಿಲ್ಲ, ಬಟ್ಟೆಯೂ ಬೇಗ ಹಾಳಾಗುತ್ತದೆ. ದಿನಾ ಒಗೆಯಬೇಕು, ಹಿಂಡದೆ ನೆರಳಲ್ಲಿ ಒಣಗಿಸಬೇಕು. ಅದಕ್ಕೆ ಎರಡು ಇದ್ದರೆ ಅನುಕೂಲ. ಆರು ತಿಂಗಳಿಗೆ ಬಿಗಿ ಹೋಗಿರುತ್ತದೆ. ಆರಾಮವಾಗಿ ಏರುತ್ತಿದೆ ಅನಿಸಿದ ದಿನ ಅದರ ಕೆಲಸ ಮುಗಿದಿದೆ ಅಂತ ಅರ್ಥ.

ಸ್ಲೀವ್ ಹಾಕಿದ ಮೇಲೆ ಬೆರಳು ಜುಮುಗುಟ್ಟಿದರೆ, ನೀಲಿಯಾದರೆ, ಅಂಗೈ ಹಿಂಭಾಗ ಉಬ್ಬಿದರೆ ತೆಗೆದುಬಿಡಿ. ಒಂದೋ ಅಳತೆ ತಪ್ಪಿದೆ, ಇಲ್ಲವೇ ದ್ರವ ಕೆಳಕ್ಕೆ ಹೋಗಿ ಹಸ್ತದಲ್ಲಿ ನಿಲ್ಲುತ್ತಿದೆ. ಎರಡನೆಯದಾದರೆ ಸ್ಲೀವ್ ಜೊತೆ ಕಂಪ್ರೆಷನ್ ಗ್ಲೌಸ್ ಕೂಡ ಬೇಕು.

ನಾಲ್ಕು ವಾರದ ಮೇಲೆ ನಮ್ಮ ಮಹಿಳೆಯ ಎಡಗೈ 1,856ಕ್ಕೆ ಇಳಿಯಿತು ಅಂದುಕೊಳ್ಳೋಣ. ಬಲಗೈ 1,880ರಲ್ಲೇ ಇದೆ. ಏರಿಕೆ ಈಗ ಶೇ. 1 ಮಾತ್ರ, ಟೇಪಿನ ತಪ್ಪಿನೊಳಗೇ ಬರುವಷ್ಟು. ಇನ್ನು ದಿನವಿಡೀ ಸ್ಲೀವ್ ಬೇಡ. ಭಾರದ ಕೆಲಸ, ವ್ಯಾಯಾಮ ಇರುವಾಗ, ಕೈ ಭಾರ ಅನಿಸಿದಾಗ ಹಾಕಿದರೆ ಸಾಕು. ಮೂರು ತಿಂಗಳ ಅಳತೆ ಮಾತ್ರ ಮುಂದುವರಿಯುತ್ತದೆ.

ವ್ಯಾಯಾಮ ಅಂದೆ ಅಲ್ವಾ, ಅದರ ಬಗ್ಗೆ ಒಂದು ಹಳೆಯ ಭಯ ಇದೆ. "ಆ ಕೈಯಲ್ಲಿ ಏನೂ ಎತ್ತಬೇಡಿ" ಅಂತ ಹೇಳಿ ಕಳಿಸುತ್ತಿದ್ದರು, ಕೆಲವರು ಈಗಲೂ ಹೇಳುತ್ತಾರೆ. 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆಗಲೇ ಲಿಂಫೆಡಿಮಾ ಇದ್ದ 141 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆರಡು ಸಲ ಭಾರ ಎತ್ತುವ ವ್ಯಾಯಾಮ ಮಾಡಿತು. ಅವರ ಬಾವು ಹೆಚ್ಚಾಗಲಿಲ್ಲ. ಬಾವು ಉಲ್ಬಣಿಸಿದ ಪ್ರಸಂಗಗಳು ಆ ಗುಂಪಿನಲ್ಲೇ ಕಡಿಮೆ ಇದ್ದವು, ಕೈಗೆ ಬಲವೂ ಬಂತು. ಕಾರಣ ಕಷ್ಟದ್ದೇನಲ್ಲ. ಲಿಂಫಿಗೆ ಹೃದಯದಂಥ ದೊಡ್ಡ ಪಂಪು ಇಲ್ಲ. ಸ್ನಾಯು ಬಿಗಿದು ಸಡಿಲಿಸಿದಾಗ ನಾಳ ಒತ್ತಿಕೊಂಡು ದ್ರವ ಮುಂದೆ ಹೋಗುತ್ತದೆ. ಕೈಯನ್ನು ಬಳಸದೆ ಇಟ್ಟರೆ ಆ ಪಂಪೂ ನಿಲ್ಲುತ್ತದೆ. ಆದರೆ ಅವರು ಶುರು ಮಾಡಿದ್ದು ಭಾರ ಇಲ್ಲವೇ ಇಲ್ಲ ಅನ್ನುವಷ್ಟರಿಂದ, ಏರಿಸಿದ್ದು ನಿಧಾನಕ್ಕೆ, ಸ್ಲೀವ್ ಹಾಕಿಕೊಂಡು, ಮೊದಲಿಗೆ ಕಲಿಸುವವರ ಎದುರಿಗೆ. ವರ್ಷಗಟ್ಟಲೆ ಏನೂ ಎತ್ತದ ಕೈ ಒಂದೇ ದಿನ ಭಾರದ ಸೂಟ್‌ಕೇಸ್ ಎತ್ತಿದರೆ ಅದು ಬೇರೆ ಕಥೆ.

ರಕ್ತ ತೆಗೆಸುವುದು, ಬಿಪಿ ನೋಡಿಸುವುದು, ವಿಮಾನ ಪ್ರಯಾಣ ಕೂಡ ಇದೇ ಸಾಲಿನ ಭಯಗಳು. 2016ರಲ್ಲಿ 632 ಮಹಿಳೆಯರನ್ನು ಗಮನಿಸಿದ ಅಧ್ಯಯನದಲ್ಲಿ ಇವುಗಳಿಗೂ ಬಾವಿಗೂ ಸಂಬಂಧ ಕಾಣಲಿಲ್ಲ. ಸಂಬಂಧ ಕಂಡಿದ್ದು ಕಂಕುಳು ಶುಚಿ ಮಾಡಿದ ಆಪರೇಷನ್, ಹೆಚ್ಚಿನ ಮೈತೂಕ ಮತ್ತು ಚರ್ಮದ ಸೋಂಕಿಗೆ. ಇನ್ನೊಂದು ಕೈ ಇರುವಾಗ ಅದರಲ್ಲೇ ರಕ್ತ ಕೊಡಿ, ಅದರಲ್ಲಿ ತಪ್ಪಿಲ್ಲ. ಆದರೆ ತುರ್ತಿನಲ್ಲಿ ಈ ಕೈಗೆ ಒಂದು ಸೂಜಿ ಬಿತ್ತು ಅಂತ ರಾತ್ರಿಯೆಲ್ಲ ನಿದ್ದೆಗೆಡಬೇಕಿಲ್ಲ.

ಬಾವು ಮುಂದಿನ ಹಂತಕ್ಕೆ ಹೋದ ಮೇಲೆ ಬಂದವರಿಗೆ ಸ್ಲೀವ್ ಒಂದೇ ಸಾಲದು. ಸ್ಲೀವ್ ಕೈಯನ್ನು ಇದ್ದ ಗಾತ್ರದಲ್ಲಿ ಹಿಡಿದಿಡುತ್ತದೆ, ದೊಡ್ಡದಾದ ಕೈಯನ್ನು ಇಳಿಸುವುದು ಅದರ ಕೆಲಸ ಅಲ್ಲ. ಇಳಿಸಲು ಎರಡರಿಂದ ನಾಲ್ಕು ವಾರ ಹತ್ತಿ ಅಥವಾ ಫೋಮ್ ಇಟ್ಟು ಅದರ ಮೇಲೆ ಪದರ ಪದರವಾಗಿ ಬ್ಯಾಂಡೇಜ್ ಸುತ್ತುತ್ತಾರೆ. ಜೊತೆಗೆ ಹಗುರ ಮಸಾಜ್, ವ್ಯಾಯಾಮ, ಚರ್ಮದ ಆರೈಕೆ. ಇಳಿದ ಮೇಲೆ ಆ ಹೊಸ ಅಳತೆಗೆ ಸ್ಲೀವ್. ಇಲ್ಲೊಂದು ಎಚ್ಚರಿಕೆ: ಉಳುಕಿದಾಗ ಕಟ್ಟುವ, ಮನೆಯಲ್ಲಿ ಬಿದ್ದಿರುವ ಕ್ರೇಪ್ ಬ್ಯಾಂಡೇಜ್ ಇದಕ್ಕೆ ಆಗುವುದಿಲ್ಲ. ಅದು ಬಹಳ ಹಿಗ್ಗುತ್ತದೆ. ಕೈ ಸುಮ್ನಿರುವಾಗಲೂ ಒತ್ತುತ್ತಲೇ ಇರುತ್ತದೆ, ಕೈ ಆಡಿಸಿದಾಗ ಹಿಗ್ಗಿ ದಾರಿ ಬಿಡುತ್ತದೆ. ನಮಗೆ ಬೇಕಾದ್ದು ಅದಕ್ಕೆ ವಿರುದ್ಧವಾದದ್ದು. ಕಡಿಮೆ ಹಿಗ್ಗುವ ಬ್ಯಾಂಡೇಜ್ ವಿಶ್ರಾಂತಿಯಲ್ಲಿ ಹೆಚ್ಚು ಒತ್ತುವುದಿಲ್ಲ, ಸ್ನಾಯು ಬಿಗಿದಾಗ ಗೋಡೆಯ ಹಾಗೆ ನಿಲ್ಲುತ್ತದೆ. ಸ್ನಾಯುವಿಗೂ ಆ ಗೋಡೆಗೂ ನಡುವೆ ಸಿಕ್ಕ ದ್ರವ ಮೇಲಕ್ಕೆ ಹೋಗಲೇಬೇಕು.

ಮಸಾಜ್ ಬಗ್ಗೆ ಹೇಳುವುದಾದರೆ, ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕುವುದಲ್ಲ. ಚರ್ಮ ಮಾತ್ರ ಜರುಗುವಷ್ಟು ಹಗುರ ಕೈ. ಶುರು ಮಾಡುವುದು ಕೈಯಿಂದಲ್ಲ, ಕತ್ತು ಮತ್ತು ಇನ್ನೊಂದು ಕಂಕುಳಿನಿಂದ. ಆಮೇಲೆ ತೋಳು, ಕೊನೆಗೆ ಮುಂಗೈ. ಮುಂದಿನ ಗಾಡಿ ಹೋಗದೆ ಹಿಂದಿನದಕ್ಕೆ ದಾರಿ ಇಲ್ಲವಲ್ಲ. ನನ್ನ ಅನುಭವದಲ್ಲಿ ಜನ ಮಸಾಜನ್ನೇ ಚಿಕಿತ್ಸೆ ಅಂದುಕೊಂಡು ಸ್ಲೀವನ್ನು ಬೀರುವಿನಲ್ಲಿ ಇಡುತ್ತಾರೆ. ಹೆಚ್ಚಿನ ಕೆಲಸ ಮಾಡುವುದು ಒತ್ತಡವೇ, ಮಸಾಜು ಅದಕ್ಕೆ ಸಹಾಯ ಅಷ್ಟೇ. ಕೊಬ್ಬು ಸೇರಿಬಿಟ್ಟ ಕೈಗೆ ಲೈಪೊಸಕ್ಷನ್, ನಾಳ ಜೋಡಿಸುವ ಸೂಕ್ಷ್ಮ ಆಪರೇಷನ್‌ಗಳೂ ಇವೆ. ಆದರೆ ಲೈಪೊಸಕ್ಷನ್ ಆದ ಮೇಲೂ ಸ್ಲೀವ್ ಜೀವನಪೂರ್ತಿ ಹಾಕಬೇಕು.

ಎಲ್ಲ ಊತವೂ ಲಿಂಫೆಡಿಮಾ ಅಲ್ಲ. ಒಂದೆರಡು ದಿನದಲ್ಲಿ ದಿಢೀರನೆ ಊದಿ, ನೋವಾಗಿ, ಬಣ್ಣ ಬದಲಾದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ವರ್ಷಗಟ್ಟಲೆ ಸುಮ್ಮನಿದ್ದ ಕೈ ಕಾರಣವಿಲ್ಲದೆ ಬೇಗ ಬೇಗ ಊದತೊಡಗಿದರೆ, ಕೈ ಶಕ್ತಿ ಕಳೆದುಕೊಂಡರೆ, ಕಂಕುಳಲ್ಲಿ ಗಂಟು ಸಿಕ್ಕರೆ ಕ್ಯಾನ್ಸರ್ ಮರಳಿಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ಇಂಥ ಕೈಗೆ ಸ್ಲೀವ್ ಹಾಕುವ ಮೊದಲು ಡಾಕ್ಟರು ನೋಡಲಿ.

ಇನ್ನು ಸೋಂಕು. ಲಿಂಫ್ ಸರಿಯಾಗಿ ಹರಿಯದ ಕೈಯಲ್ಲಿ ರೋಗಾಣುಗಳ ವಿರುದ್ಧದ ಕಾವಲೂ ದುರ್ಬಲ. ನಿಂತ ಪ್ರೋಟೀನು ಬ್ಯಾಕ್ಟೀರಿಯಾಕ್ಕೆ ಹಬ್ಬದೂಟ. ಒಳಗೆ ಹೋಗಲು ಉಗುರಿನ ಬುಡ ಕಿತ್ತ ಗಾಯ, ಬೆಕ್ಕು ಪರಚಿದ ಗೆರೆ, ಒಣಗಿ ಸೀಳಿದ ಚರ್ಮ ಸಾಕು. ಪ್ರತಿ ಸೋಂಕೂ ಉಳಿದ ನಾಳಗಳಲ್ಲಿ ಇನ್ನಷ್ಟನ್ನು ಹಾಳು ಮಾಡುತ್ತದೆ, ಬಾವು ಇನ್ನೊಂದು ಮೆಟ್ಟಿಲು ಏರುತ್ತದೆ. ಅದಕ್ಕೇ ರಾತ್ರಿಯ ಕ್ರೀಮು, ತೋಟದ ಕೆಲಸಕ್ಕೆ ಗ್ಲೌಸು, ಸಣ್ಣ ಗಾಯಕ್ಕೂ ಆ ಕ್ಷಣವೇ ಸೋಪು ನೀರು.

ಇಷ್ಟೆಲ್ಲ ಮಾಡಿದರೂ ಒಂದು ಸಂಜೆ ಮೈ ನಡುಗಿ ಜ್ವರ ಬರಬಹುದು. ನೋಡಿದರೆ ಮುಂಗೈ ಕೆಂಪಾಗಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿರುತ್ತದೆ. ಆಗ ಸ್ಲೀವ್ ತೆಗೆಯಿರಿ, ಮಸಾಜ್ ನಿಲ್ಲಿಸಿ, ಕೈಯನ್ನು ದಿಂಬಿನ ಮೇಲಿಡಿ. ಅಳತೆಗೆ ಗುರುತು ಹಾಕುವ ಅದೇ ಪೆನ್ನಿನಿಂದ ಕೆಂಪು ಎಲ್ಲಿಯವರೆಗೆ ಬಂದಿದೆಯೋ ಅದರ ಅಂಚಿಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆಯಿರಿ. ಬೆಳಗಾಗಲಿ ಅಂತ ಕಾಯದೆ ಆವತ್ತೇ ಆಸ್ಪತ್ರೆಗೆ ಹೋಗಿ ಆ ಗೆರೆ ತೋರಿಸಿ. ಆಂಟಿಬಯೋಟಿಕ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಮುಂದಿನ ಒಂದೆರಡು ದಿನ ಎಲ್ಲರೂ ನೋಡುವುದು ಕೆಂಪು ಆ ಗೆರೆ ದಾಟಿತಾ ಅಂತಲೇ.